ಗಡಿ ದಾಟುವ ನೈಟಿ ಮತ್ತು ಜಿಎಸ್‌ಟಿ

"ಚಿಕ್ಕಮ್ಮ, ಮನೆಯಲ್ಲಿ ಹೊಲಿಯುವ ನೈಟಿಗಳನ್ನು ಆನ್‌ಲೈನ್ ಆ್ಯಪ್‌ನಲ್ಲಿ ಮಾರೋಣ ಅಂತಿದ್ದೇನೆ. ಮಾವ 40 ಲಕ್ಷದವರೆಗೆ ಜಿಎಸ್‌ಟಿ ಬೇಡವೇ ಬೇಡ ಅಂತಾರೆ. ಆ್ಯಪ್ ನೋಡಿದರೆ ಮೊದಲೇ ನಂಬರ್ ಕೇಳುತ್ತೆ. ಯಾವುದು ಸರಿ?"

ಪುಟ್ಟಿ, ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಿನ್ನ ಮೆಸೇಜ್ ಈಗ ನೋಡಿದೆ. ಸ್ವಲ್ಪ ಉದ್ದ ಆಗುತ್ತೆ, ಮಷಿನ್ ಪಕ್ಕಕ್ಕಿಟ್ಟು ಕೇಳು. ಮಾವ ಹೇಳಿದ್ದು ಸುಳ್ಳಲ್ಲ, ಆದರೆ ಅದು ಅಂಗಡಿ ಇಟ್ಟು ಮಾರುವವರ ಲೆಕ್ಕ. ಕರ್ನಾಟಕದಲ್ಲಿ ಬರೀ ವಸ್ತು ಮಾರುವವರು, ರಾಜ್ಯದ ಒಳಗೇ ಮಾರುವವರು, ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ನಂಬರ್ ಮಾಡಿಸಬೇಕಿಲ್ಲ. ಬೇರೆಯವರ ಆ್ಯಪ್ ಮೂಲಕ ಮಾರುವವರನ್ನು ಕಾನೂನು ಬೇರೆ ಸಾಲಿನಲ್ಲಿ ನಿಲ್ಲಿಸಿದೆ. ಜಿಎಸ್‌ಟಿ ಕಾನೂನಿನ 24ನೇ ಕಲಂ ಪ್ರಕಾರ ಅವರು ಒಂದು ರೂಪಾಯಿ ಮಾರಿದರೂ ನೋಂದಣಿ ಮಾಡಿಸಲೇಬೇಕಿತ್ತು.

"ಇತ್ತು" ಅಂತ ಯಾಕೆ ಹೇಳಿದೆ ಅಂದರೆ, 2023ರ ಅಕ್ಟೋಬರ್ 1ರಿಂದ ಸಣ್ಣವರಿಗೆ ಒಂದು ಬಾಗಿಲು ತೆರೆದಿದ್ದಾರೆ. ಜಿಎಸ್‌ಟಿ ನಂಬರ್ ಇಲ್ಲದೆಯೂ ಆ್ಯಪ್‌ನಲ್ಲಿ ಮಾರಬಹುದು. ಆದರೆ ಬಾಗಿಲು ಚಿಕ್ಕದು. ನಿನ್ನ ಒಂದು ಪಾರ್ಸೆಲ್ ಕೂಡ ಕರ್ನಾಟಕದ ಗಡಿ ದಾಟಬಾರದು. ನಿನ್ನಂಥವರಿಗೆ ಜಿಎಸ್‌ಟಿ ಬೇಕೋ ಬೇಡವೋ ಅನ್ನೋದು ದುಡ್ಡಿಗಿಂತ ಜಾಸ್ತಿ ಈ ಗಡಿಯ ಮೇಲೆ ನಿಂತಿದೆ. ದುಡ್ಡಿನ ಮಿತಿ ಮುಟ್ಟೋದಕ್ಕೆ ನಿನಗೆ ಇನ್ನೂ ವರ್ಷಗಳಾಗುತ್ತೆ, ಗಡಿ ದಾಟೋದು ಮೊದಲ ವಾರದಲ್ಲೇ ಆಗಿಬಿಡುತ್ತೆ.

ದುಡ್ಡಿನ ಮಾತು ಬೇಗ ಮುಗಿಸ್ತೀನಿ. ಈ ವಿನಾಯಿತಿಯ ಆದೇಶ ಕಾನೂನಿನ 22ನೇ ಕಲಂನ ಮಿತಿಯನ್ನು ಹಿಡಿಯುತ್ತೆ, ಆ ಕಲಂನಲ್ಲಿ ನಮ್ಮ ರಾಜ್ಯಕ್ಕೆ ಬರೆದಿರುವ ಅಂಕಿ 20 ಲಕ್ಷ. ಹಾಗಾಗಿ 40 ನಂಬಿಕೊಂಡು ಕೂರಬೇಡ, 20 ಲಕ್ಷವನ್ನೇ ಬೇಲಿ ಅಂದುಕೋ. ಹೋದ ವರ್ಷ, ಈ ವರ್ಷ, ಎರಡರಲ್ಲೂ ಅದರ ಒಳಗಿರಬೇಕು. ಲೆಕ್ಕ ನಿನ್ನ ಪ್ಯಾನ್ ಮೇಲೆ ನಡೆಯುತ್ತೆ. ನೈಟಿ ಜೊತೆಗೆ ಟ್ಯೂಷನ್ ಫೀ ಬಂದರೆ ಅದೂ ಸೇರುತ್ತೆ. ಗ್ರಾಹಕರು ಕೊಟ್ಟ ಪೂರ್ತಿ ಬೆಲೆ ಎಣಿಸಬೇಕು. ಕಮಿಷನ್, ಕೊರಿಯರ್ ಎಲ್ಲ ಮುರಿದುಕೊಂಡು ಬ್ಯಾಂಕಿಗೆ ಬಂದದ್ದು ನಿನ್ನ ವಹಿವಾಟಲ್ಲ. ಈ ತಪ್ಪು ತುಂಬಾ ಜನ ಮಾಡ್ತಾರೆ.

ಈಗ ಆ ಚಿಕ್ಕ ಬಾಗಿಲಿನ ವಿಷಯ. ಇದಕ್ಕೆ ಜಿಎಸ್‌ಟಿ ನಂಬರ್ ಬೇಡ, ಎನ್‌ರೋಲ್‌ಮೆಂಟ್ ನಂಬರ್ ಬೇಕು. gst.gov.in ನಲ್ಲಿ ನೋಂದಣಿ ಇಲ್ಲದವರಿಗೆ ಇರುವ ಜಾಗದಲ್ಲಿ ಪ್ಯಾನ್, ಎಲ್ಲಿಂದ ಮಾರುತ್ತೀಯೋ ಆ ವಿಳಾಸ, ಯಾವ ರಾಜ್ಯ ಅನ್ನೋದನ್ನು ಕೊಡಬೇಕು. ಪ್ಯಾನ್ ತಾಳೆ ಆದ ಮೇಲೆ ನಂಬರ್ ಬರುತ್ತೆ. ಸರ್ಕಾರಿ ಫೀಸ್ ಏನೂ ಇಲ್ಲ, ಯಾರಾದರೂ "ಸಾವಿರ ಕೊಡಿ, ನಾನು ಮಾಡಿಸ್ತೀನಿ" ಅಂದರೆ ಕೊಡಬೇಡ. ಪ್ಯಾನ್‌ನಲ್ಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ಹಾಗೇ ಹಾಕು. ನಿನ್ನ ಪ್ಯಾನ್‌ನಲ್ಲಿ ಇನ್ನೂ ಮದುವೆಗೆ ಮುಂಚಿನ ಇನಿಷಿಯಲ್ ಇದೆ ಅಲ್ವಾ? ಅದನ್ನೇ ಹಾಕು, ಇಲ್ಲದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತೆ. ಆ ನಂಬರ್ ಬರುವ ಮುಂಚೆ ಆ್ಯಪ್‌ನಲ್ಲಿ ಒಂದು ಪೀಸ್ ಕೂಡ ಮಾರುವ ಹಾಗಿಲ್ಲ. ಒಂದೇ ರಾಜ್ಯದಿಂದ ಮಾತ್ರ ಮಾರಬೇಕು. ಎಲ್ಲ ಆ್ಯಪ್‌ಗಳೂ ಈ ನಂಬರ್ ಒಪ್ಪೋದಿಲ್ಲ, ಕೆಲವು ಜಿಎಸ್‌ಟಿ ನಂಬರೇ ಕೇಳುತ್ತವೆ. ಅದು ಅವರ ಇಷ್ಟ. ಮೊದಲು ನಿನ್ನ ಆ್ಯಪ್ ಒಪ್ಪುತ್ತಾ ಅಂತ ವಿಚಾರಿಸಿಕೋ.

ಒಪ್ಪಿತು ಅಂದುಕೋ. ಆಗ ಹೊರರಾಜ್ಯದ ಆರ್ಡರ್ ನಿನಗೆ ಬರದ ಹಾಗೆ ತಡೆಯೋದು ಆ್ಯಪ್‌ನವರ ಜವಾಬ್ದಾರಿ. ತೊಂದರೆ ಬರೋದು ಆ್ಯಪ್‌ನ ಹೊರಗಡೆ. ನಿನ್ನ ನೈಟಿ ಹೊಸೂರಿನ ಅತ್ತಿಗೆಗೆ, ಹೈದರಾಬಾದಿನ ಗೆಳತಿಗೆ ವಾಟ್ಸಾಪ್ ಮೇಲೆ ಹೋಗುತ್ತಲ್ಲ, ಅದೂ ಹೊರರಾಜ್ಯದ ಮಾರಾಟವೇ. ವಿನಾಯಿತಿಯ ಷರತ್ತು "ಆ್ಯಪ್‌ನಲ್ಲಿ ಗಡಿ ದಾಟಬಾರದು" ಅಂತಿಲ್ಲ, "ಹೊರರಾಜ್ಯಕ್ಕೆ ಮಾರಲೇಬಾರದು" ಅಂತಿದೆ. ಬರೀ ವಾಟ್ಸಾಪ್‌ನಲ್ಲಿ ಮಾರಿದರೂ ಗಡಿ ದಾಟಿದ ದಿನ ನೋಂದಣಿ ಬೇಕೇ ಬೇಕು, ವಹಿವಾಟು ಎಷ್ಟೇ ಚಿಕ್ಕದಿರಲಿ. ಇನ್ನೊಂದು ಸೂಕ್ಷ್ಮ ಇದೆ. ದುಡ್ಡು ಕೊಟ್ಟವರು ಎಲ್ಲಿದ್ದಾರೆ ಅನ್ನೋದು ಇಲ್ಲಿ ಲೆಕ್ಕಕ್ಕಿಲ್ಲ. ಬೆಂಗಳೂರಿನವಳು ಆರ್ಡರ್ ಮಾಡಿ, ಹೊಸೂರಿನಲ್ಲಿರುವ ತಾಯಿ ವಿಳಾಸಕ್ಕೆ ಕಳಿಸು ಅಂದರೆ, ಬಿಲ್ಲಿನಲ್ಲಿರುವ ಡೆಲಿವರಿ ವಿಳಾಸವನ್ನೇ ನೋಡ್ತಾರೆ. ಹೊಸೂರು ತಮಿಳುನಾಡು. ಮುಗಿಯಿತು.

ಹಾಗಾದರೆ ನೀನು ಯಾವುದು ಮಾಡಬೇಕು? ದಾವಣಗೆರೆ, ಹಾವೇರಿ, ಶಿವಮೊಗ್ಗದ ಕಡೆಯೇ ಸಾಕು ಅಂದರೆ ಎನ್‌ರೋಲ್‌ಮೆಂಟ್ ಸಾಕು. ತಿಂಗಳಿಗೆ ಮಾರಾಟದ ಲೆಕ್ಕ ಒಪ್ಪಿಸುವ ರಿಟರ್ನ್ ಇಲ್ಲ, ತೆರಿಗೆ ಸೇರಿಸೋದಿಲ್ಲ, ಜಿಎಸ್‌ಟಿಯ ಟಿಸಿಎಸ್, ಅಂದರೆ ನಿನಗೆ ಕೊಡುವ ದುಡ್ಡಲ್ಲಿ ಮೊದಲೇ ಹಿಡಿಯುವ ತೆರಿಗೆ, ಅಂತ ಆ್ಯಪ್‌ನವರು ಏನೂ ಮುರಿಯೋದಿಲ್ಲ. ದೇಶ ಪೂರ್ತಿ ಮಾರಬೇಕು ಅಂದರೆ ಮೊದಲ ದಿನದಿಂದಲೇ ಜಿಎಸ್‌ಟಿ ನಂಬರ್. ಅದರ ಲೆಕ್ಕ ಕೇಳಿದರೆ ಅಷ್ಟೇನೂ ಹೆದರಿಕೆ ಆಗೋದಿಲ್ಲ. ನಿನ್ನದೇ ಅಂಕಿ ತಗೊಳ್ಳೋಣ.

ನೈಟಿಗೆ ತೆರಿಗೆ ಸೇರಿಸಿ 399 ರೂಪಾಯಿ ಇಟ್ಟೆ ಅನ್ನು. ಇಷ್ಟು ಅಗ್ಗದ ಬಟ್ಟೆಗೆ ತೆರಿಗೆ ಶೇಕಡಾ 5. ಅಂದರೆ 380 ನಿನ್ನ ಬೆಲೆ, 19 ತೆರಿಗೆ. ತಿಂಗಳಿಗೆ ನೂರು ಪೀಸ್ ಹೋದರೆ 38,000 ಮಾರಾಟ, 1,900 ತೆರಿಗೆ. ಪೂರ್ತಿ 1,900 ಕೈಯಿಂದ ಕಟ್ಟಬೇಕಿಲ್ಲ. ಒಂದು ಪೀಸಿಗೆ ಬಟ್ಟೆ 200 ರೂಪಾಯಿ, ಅದರ ಮೇಲೆ ನೀನು ಕೊಟ್ಟ ತೆರಿಗೆ 10. ನೂರು ಪೀಸಿಗೆ 1,000. ಆ್ಯಪ್‌ನವರ ಕಮಿಷನ್ ಪೀಸಿಗೆ 40 ಅಂತಿಟ್ಟುಕೋ, ಅದಕ್ಕೆ ಶೇಕಡಾ 18ರಂತೆ 7 ರೂಪಾಯಿ 20 ಪೈಸೆ, ನೂರಕ್ಕೆ 720. ಇವೆರಡನ್ನೂ ಇನ್‌ಪುಟ್ ಅಂತ ಕಳೆಯಬಹುದು. ಉಳಿಯೋದು 180. ಇದರ ಮೇಲೆ ಆ್ಯಪ್‌ನವರು ಮಾರಾಟದ ಅರ್ಧ ಪರ್ಸೆಂಟ್, ಅಂದರೆ 190 ರೂಪಾಯಿ, ಟಿಸಿಎಸ್ ಅಂತ ಹಿಡಿದು ನಿನ್ನ ಹೆಸರಿಗೆ ಕಟ್ಟಿರ್ತಾರೆ. ಅದು ಪೋರ್ಟಲ್‌ನಲ್ಲಿ ನಿನ್ನ ಖಾತೆಗೆ ಬರುತ್ತೆ, ನೀನು ಅಲ್ಲಿ ಒಪ್ಪಿಕೊಂಡು ಬಳಸಬೇಕು. ತುಂಬಾ ಜನ ಹಾಗೇ ಬಿಟ್ಟಿರ್ತಾರೆ! ಒಟ್ಟಿನಲ್ಲಿ ಹೆಚ್ಚುಕಡಿಮೆ ಸರಿಹೋಗುತ್ತೆ.

ಆದರೆ ಇದೆಲ್ಲ ನಡೆಯೋದು ಬಟ್ಟೆ ಅಂಗಡಿಯವರು ಜಿಎಸ್‌ಟಿ ಬಿಲ್ಲು ಕೊಟ್ಟು, ಅದರಲ್ಲಿ ನಿನ್ನ ನಂಬರ್ ಹಾಕಿದರೆ ಮಾತ್ರ. ಚೀಟಿಯಲ್ಲಿ ಬರೆದುಕೊಟ್ಟರೆ ಆ 1,000 ರೂಪಾಯಿ ಹೋಯಿತು, ನಿನ್ನ ಜೇಬಿಂದ. ನೀನು ಯಾರ ಹತ್ತಿರ ಬಟ್ಟೆ ತರ್ತೀಯೋ ಅವರನ್ನು ಈ ವಾರವೇ ಕೇಳಿಬಿಡು.

ನಿಜವಾದ ಭಾರ ತೆರಿಗೆ ಅಲ್ಲ, ರಿಟರ್ನ್. ನನ್ನದೇ ಕಥೆ ಹೇಳ್ತೀನಿ, ಈ ಗುಂಪಿನಲ್ಲಿ ಯಾರಿಗೂ ಹೇಳಿರಲಿಲ್ಲ. 2022ರಲ್ಲಿ ಮಕ್ಕಳ ಫ್ರಾಕ್ ಮಾರೋಕೆ ಜಿಎಸ್‌ಟಿ ಮಾಡಿಸಿದ್ದೆ. ಆಗ ಈ ಚಿಕ್ಕ ಬಾಗಿಲು ಇರಲಿಲ್ಲ. ನಾಲ್ಕು ತಿಂಗಳು ಮಾರಿದೆ, ಆಮೇಲೆ ಅತ್ತೆ ಹುಷಾರು ತಪ್ಪಿದರು, ನಿಲ್ಲಿಸಿಬಿಟ್ಟೆ. ಮಾರಾಟ ಇಲ್ಲ ಅಂದಮೇಲೆ ರಿಟರ್ನ್ ಯಾಕೆ ಅಂತ ಸುಮ್ನಿದ್ದೆ. ಸೊನ್ನೆ ಮಾರಾಟಕ್ಕೂ ರಿಟರ್ನ್ ಹಾಕಬೇಕು. ಹಾಕದಿದ್ದರೆ ದಿನಕ್ಕೆ 20 ರೂಪಾಯಿ, ಒಂದು ಸೊನ್ನೆ ರಿಟರ್ನಿಗೆ 500ರವರೆಗೆ ದಂಡ. ಆರು ತಿಂಗಳದ್ದು ಸೇರಿ 3,000 ಕಟ್ಟಿದೆ. ನಿನ್ನ ಚಿಕ್ಕಪ್ಪನಿಗೆ ಮಿಕ್ಸಿ ರಿಪೇರಿ ಅಂತ ಹೇಳಿದ್ದೆ, ಈಗ ಅವರೂ ಕೇಳಿಸಿಕೊಳ್ಳಲಿ. ಮಾರೋದು ನಿಲ್ಲಿಸಿದರೆ ಪೋರ್ಟಲ್‌ನಲ್ಲಿ ನೀನೇ ರದ್ದತಿಗೆ ಅರ್ಜಿ ಹಾಕಬೇಕು. ರದ್ದಾದ ಮೇಲೂ ಒಂದು ಕೊನೆಯ ರಿಟರ್ನ್ ಇರುತ್ತೆ, ಮೂರು ತಿಂಗಳ ಒಳಗೆ.

ಮಾವನ ಹಾರ್ಡ್‌ವೇರ್ ಅಂಗಡಿಯ ನಂಬರ್ ಹಾಕಿದರೆ ಆಗೋಲ್ವಾ ಅಂತ ನೀನು ಕೇಳೇ ಕೇಳ್ತೀಯ, ನನಗೆ ಗೊತ್ತು. ಬೇಡ. ನಿನ್ನ ನೈಟಿ ವಹಿವಾಟು ಅವರ ಪ್ಯಾನ್ ಮೇಲೆ ಬೀಳುತ್ತೆ, ದುಡ್ಡು ನಿನ್ನ ಬ್ಯಾಂಕಿಗೆ ಬಂದರೆ ಅದೂ ತಾಳೆ ಆಗೋದಿಲ್ಲ. ಅದಕ್ಕಿಂತ ದೊಡ್ಡದು, ಮಾವ ಕಾಂಪೋಸಿಷನ್‌ನಲ್ಲಿದ್ದಾರೆ, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ಯೋಜನೆಯಲ್ಲಿ. ಕಾಂಪೋಸಿಷನ್‌ನವರು ಆ್ಯಪ್‌ನಲ್ಲಿ ವಸ್ತು ಮಾರಬಹುದು, ಆದರೆ ಅವರಿಗೂ ಗಡಿ ದಾಟುವ ಹಾಗಿಲ್ಲ. ನಿನ್ನ ಒಂದು ಪಾರ್ಸೆಲ್ ಪುಣೆಗೆ ಹೋದರೆ ಅವರ ಅಂಗಡಿಯ ಕಾಂಪೋಸಿಷನ್‌ಗೇ ಕುತ್ತು.

ಜಿಎಸ್‌ಟಿ ನಂಬರೇ ಮಾಡಿಸೋದಾದರೆ ಪ್ಯಾನ್, ಆಧಾರ್, ಫೋಟೋ, ಬ್ಯಾಂಕ್ ಪಾಸ್‌ಬುಕ್, ಮನೆಯ ಕರೆಂಟ್ ಬಿಲ್ ಇಟ್ಟುಕೋ. ಬಿಲ್ ಅತ್ತೆ ಹೆಸರಿನಲ್ಲಿದೆ ಅಂದಿದ್ದೆ, ಹಾಗಾಗಿ ಅವರಿಂದ ಒಪ್ಪಿಗೆ ಪತ್ರ ಬೇಕು. ಇದಕ್ಕೂ ಸರ್ಕಾರಿ ಫೀಸ್ ಇಲ್ಲ. ಆಮೇಲೆ ಆ್ಯಪ್‌ನವರು "ನಿಮ್ಮ ಸ್ಟಾಕ್ ನಮ್ಮ ಗೋದಾಮಿನಲ್ಲಿಡಿ, ಬೇಗ ಡೆಲಿವರಿ ಆಗುತ್ತೆ" ಅಂತ ಆಸೆ ತೋರಿಸ್ತಾರೆ. ಗೋದಾಮು ಎಲ್ಲಿದೆ ಅಂತ ಕೇಳದೆ ಹ್ಞೂಂ ಅನ್ನಬೇಡ. ಹೈದರಾಬಾದಿನಲ್ಲಿ ಇಟ್ಟರೆ ತೆಲಂಗಾಣದಲ್ಲೂ ಬೇರೆ ನೋಂದಣಿ ಬೇಕಾಗುತ್ತೆ.

ಒಂದು ಕೆಲಸ ಮಾಡು. ಹೋದ ಆರು ತಿಂಗಳ ವಾಟ್ಸಾಪ್ ಆರ್ಡರ್ ಪಟ್ಟಿ ತೆಗೆದು ಊರಿನ ಹೆಸರು ಮಾತ್ರ ನೋಡು. ಹೊರರಾಜ್ಯದ್ದು ಬರೀ ಎರಡೋ ಮೂರೋ ಇದ್ದರೆ, ಇನ್ನು ಮುಂದೆ ಅವರಿಗೆ ಇಲ್ಲ ಅಂತ ಹೇಳಿ ಎನ್‌ರೋಲ್‌ಮೆಂಟ್ ಮಾಡಿಸಿಕೋ. ಅರ್ಧದಷ್ಟಿದ್ದರೆ ಜಿಎಸ್‌ಟಿಯೇ ಸರಿ. ಎರಡರಲ್ಲಿ ಯಾವುದೇ ಆದರೂ, ಇಲ್ಲಿವರೆಗೆ ಗಡಿ ದಾಟಿ ಹೋದದ್ದಕ್ಕೆ ಏನು ಮಾಡಬೇಕು ಅಂತಲೂ ಆಡಿಟರ್ ಹತ್ತಿರ ಮುಚ್ಚಿಡದೆ ಕೇಳು, ಗಡಿ ದಾಟಿದ 30 ದಿನದೊಳಗೆ ಅರ್ಜಿ ಹಾಕಬೇಕು ಅನ್ನೋದು ನಿಯಮ. ಎಣಿಸಿ ಹೇಳು, ಸಂಜೆ ಅಡುಗೆ ಮುಗಿಸಿ ಫೋನ್ ಮಾಡ್ತೀನಿ.