ಔಷಧದ ಮಾಹಿತಿಪತ್ರದ ಅನುವಾದ: ಯಾವ ಓದು ಯಾವ ತಪ್ಪನ್ನು ಹಿಡಿಯುತ್ತದೆ?

ಕೇಳಿದವರು: ರೋಗಿಗಳಿಗೆ ಕೊಡುವ ಔಷಧದ ಮಾಹಿತಿಪತ್ರವನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇವೆ. ನಾವಿರುವುದು ಮೂವರೇ. ಕರಡಾದ ಮೇಲೆ ಮೂಲದೊಂದಿಗೆ ಹೋಲಿಸುವ ಪರಿಷ್ಕರಣೆ, ಮೂಲ ನೋಡದೆ ಓದುವ ಸ್ವತಂತ್ರ ಪರಿಶೀಲನೆ ಎರಡೂ ಬೇಕೇ? ಅನುಭವವಿದ್ದವರು ತಿಳಿಸಿ.

ಪರಿಷ್ಕರಣೆ ಮಾಡುವವರು, ಮೈಸೂರು: ಎರಡೂ ಬೇಕು, ಏಕೆಂದರೆ ಒಂದಕ್ಕೆ ಕಾಣುವ ತಪ್ಪು ಇನ್ನೊಂದಕ್ಕೆ ಕಾಣುವುದಿಲ್ಲ. ನಮ್ಮ ಒಂದು ಕರಡಿನಲ್ಲಿ ‘ಎವ್ರಿ ಅದರ್ ಡೇ’ ಎಂಬುದು ‘ಪ್ರತಿದಿನ ಒಂದು ಮಾತ್ರೆ’ ಎಂದಾಗಿತ್ತು. ಅನುವಾದಕರು ಮರುದಿನ ತಾವೇ ಮತ್ತೆ ಓದಿದಾಗ ಬಿಟ್ಟುಹೋದ ಒಂದು ಸಾಲೂ ಎರಡು ಕಾಗುಣಿತದ ತಪ್ಪುಗಳೂ ಸಿಕ್ಕವೇ ಹೊರತು ಇದು ಸಿಗಲಿಲ್ಲ. ಕನ್ನಡವನ್ನಷ್ಟೇ ಓದುವವರಿಗೂ ಇದು ಸಿಗದು, ವಾಕ್ಯ ಅಷ್ಟು ಸಲೀಸಾಗಿದೆ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಹೋಲಿಸಿದ ಎರಡನೆಯ ವ್ಯಕ್ತಿಗೆ ಮಾತ್ರ ಅಲ್ಲಿ ‘ದಿನ ಬಿಟ್ಟು ದಿನ’ ಇರಬೇಕೆಂದು ತಿಳಿಯಿತು. ಅನುವಾದ ಸೇವೆಗಳ ಐಎಸ್‌ಒ 17100 ಮಾನಕವೂ ಪರಿಷ್ಕರಣೆಯನ್ನು ಅನುವಾದಕರಲ್ಲದ ಬೇರೊಬ್ಬರೇ ಮಾಡಬೇಕೆನ್ನುತ್ತದೆ.

ಆದರೆ ಅದೇ ಪರಿಷ್ಕರಣಕಾರರು ‘ಮೌಖಿಕವಾಗಿ ಸೇವಿಸಿ’ ಎಂಬುದನ್ನು ಹಾಗೇ ಬಿಟ್ಟಿದ್ದರು. ಪಕ್ಕದಲ್ಲಿ ‘ಓರಲ್’ ಎಂದು ಕಾಣುತ್ತಿದ್ದುದರಿಂದ ಅವರಿಗೆ ಅರ್ಥ ತಾನಾಗಿ ಹೊಳೆಯುತ್ತಿತ್ತು. ಮೂಲವನ್ನು ನೋಡದೆ ಓದಿದ ಮೂರನೆಯವರು, ‘ಮೌಖಿಕ ಪರೀಕ್ಷೆ ಗೊತ್ತು, ಮೌಖಿಕವಾಗಿ ಮಾತ್ರೆ ಸೇವಿಸುವುದು ಹೇಗೆ?’ ಎಂದು ಕೇಳಿದರು. ‘ಬಾಯಿಯ ಮೂಲಕ ನುಂಗಿ’ ಎಂದು ತಿದ್ದಿದೆವು.

ಸಂಶೋಧನಾ ಸಹಾಯಕಿ, ಬೆಂಗಳೂರು: ಇಷ್ಟೆಲ್ಲ ಏಕೆ? ಕನ್ನಡವನ್ನು ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಅನುವಾದ ಮಾಡಿಸಿ ಮೂಲದೊಂದಿಗೆ ಹೋಲಿಸಿದರೆ ಎಲ್ಲ ತಪ್ಪುಗಳೂ ಹೊರಬರುತ್ತವೆ. ನಮ್ಮ ಒಪ್ಪಿಗೆ ಪತ್ರಗಳಿಗೆ ಹಾಗೇ ಮಾಡುತ್ತೇವೆ.

ಪರಿಷ್ಕರಣೆ ಮಾಡುವವರು, ಮೈಸೂರು: ಆ ಕ್ರಮದಲ್ಲಿ ‘ಪ್ರತಿದಿನ’ದ ತಪ್ಪು ಖಂಡಿತ ಸಿಗುತ್ತದೆ ಮೇಡಂ. ಆದರೆ ‘ಮೌಖಿಕ’ವು ಮತ್ತೆ ‘ಓರಲ್’ ಆಗಿಯೇ ಹಿಂದಿರುಗುತ್ತದೆ, ಹೋಲಿಕೆ ಸರಿಯಾಗಿಯೇ ಕಾಣುತ್ತದೆ. ಕನ್ನಡ ಇಂಗ್ಲಿಷಿನ ಪದಕ್ಕೆ ಪದವಾಗಿ ತೊಡಕಾದಷ್ಟೂ ಆ ಹೋಲಿಕೆ ಚೆನ್ನಾಗಿ ಹೊಂದುವುದೂ ಉಂಟು.

ಪುಟವಿನ್ಯಾಸ ಮಾಡುವವರು, ಹುಬ್ಬಳ್ಳಿ: ನನ್ನ ಅನುಭವ ಬೇರೆಯದು. ಎಲ್ಲರೂ ಓದಿ ಒಪ್ಪಿದ ಕಡತವನ್ನು ಪುಟಕ್ಕೆ ಕೂರಿಸಿದಾಗ ಒತ್ತಕ್ಷರಗಳು ಬಿಡಿಬಿಡಿಯಾಗಿ ‘ಮಾತ್ರೆ’ ಎಂಬುದು ‘ಮಾತ್‌ರೆ’ ಎಂದಾಗಿತ್ತು. ಅಚ್ಚಿಗೆ ಹೋಗುವ ಪಿಡಿಎಫ್ ಅನ್ನೂ ಒಮ್ಮೆ ಓದಿಸಿ.

ಕೇಳಿದವರು: ನಮ್ಮ ಮೂರನೆಯವರು ಔಷಧ ವಿತರಕರು. ಮೂಲವಿಲ್ಲದ ಓದನ್ನು ಅವರಿಂದ ಮಾಡಿಸಬಹುದೇ ಸರ್?

ಪರಿಷ್ಕರಣೆ ಮಾಡುವವರು, ಮೈಸೂರು: ಪ್ರಮಾಣ, ಅಡ್ಡಪರಿಣಾಮಗಳ ಹೆಸರು ಮುಂತಾದವನ್ನು ಅವರೇ ನೋಡಲಿ. ಆದರೆ ಅವರಿಗೂ ‘ಮೌಖಿಕ’ ಎಂದರೆ ಅರ್ಥವಾಗಿಬಿಡುತ್ತದೆ. ಈ ಕ್ಷೇತ್ರದ ಪರಿಚಯವಿಲ್ಲದ ಒಬ್ಬರನ್ನು ಹುಡುಕಿ. ಅವರು ತಿದ್ದದೆ, ತಡವರಿಸಿದ ಕಡೆ ಗೆರೆ ಎಳೆದರೆ ಸಾಕು.

ಅನುವಾದಕಿ, ಶಿವಮೊಗ್ಗ: ತಿದ್ದಲೂ ಬಿಡಬೇಕೆಂಬುದು ನನ್ನ ಅಭಿಪ್ರಾಯ, ಸಹಜವಾದ ಮಾತು ಅವರಿಂದಲೇ ಬರುತ್ತದೆ.

ಪರಿಷ್ಕರಣೆ ಮಾಡುವವರು, ಮೈಸೂರು: ಬರುತ್ತದೆ, ಒಪ್ಪುತ್ತೇನೆ. ಆದರೆ ‘ಖಾಲಿ ಹೊಟ್ಟೆಯಲ್ಲಿ’ ಎಂಬುದನ್ನು ಒಬ್ಬರು ‘ಬೆಳಿಗ್ಗೆ ಎದ್ದ ಕೂಡಲೇ’ ಎಂದು ಸುಲಭಗೊಳಿಸಿದ್ದರು. ಆ ಮಾತ್ರೆ ರಾತ್ರಿ ಊಟಕ್ಕೆ ಮುಂಚಿನದು. ತಿದ್ದಲು ಬಿಡುವುದಾದರೆ, ತಿದ್ದಿದ ಸಾಲು ಮೂಲದ ಪಕ್ಕಕ್ಕೆ ಮತ್ತೊಮ್ಮೆ ಬರಲಿ.