ಮ್ಯಾರಥಾನ್ ದಿನ ಕೆಫೀನ್: ಎಷ್ಟು, ಯಾವಾಗ, ಮೊದಲೇ ಕಾಫಿ ಬಿಡಬೇಕಾ?

ಕೇಳಿದವರು: ನನ್ನ ತೂಕ 60 ಕೆ.ಜಿ. ಮುಂದಿನ ತಿಂಗಳು ಮೊದಲ ಫುಲ್ ಮ್ಯಾರಥಾನ್, ನಾಲ್ಕೂವರೆ ಗಂಟೆ ಆಗಬಹುದು. ದಿನಾ ಎರಡು ಕಪ್ ಕಾಫಿ ಬೇಕೇ ಬೇಕು. ಓಟಕ್ಕೆ ಮುಂಚೆ ಎಷ್ಟು ಕೆಫೀನ್ ತಗೋಬೇಕು, ಮಧ್ಯದಲ್ಲಿ ಎಷ್ಟು? ಒಂದು ವಾರ ಕಾಫಿ ಬಿಟ್ಟರೆ ಒಳ್ಳೆಯದಾ? ಅನುಭವ ಇದ್ದವರು ಹೇಳಿ.

ಮುಂಜಾವಿನ ಓಟ: ಬಿಡಿ, ಕಣ್ಮುಚ್ಚಿ ಬಿಡಿ. ನಾನು ಪ್ರತಿ ರೇಸಿಗೂ ಒಂದು ವಾರ ಮೊದಲು ಕಾಫಿ, ಚಹಾ, ಕೋಲಾ ಎಲ್ಲ ನಿಲ್ಲಿಸುತ್ತೇನೆ. ಎರಡನೇ ದಿನ ನರಕ. ಹಣೆಯ ಹಿಂದೆ ಯಾರೋ ಗುದ್ದಿದ ಹಾಗೆ ನೋವು, ಮಧ್ಯಾಹ್ನ ಕೂತಲ್ಲೇ ತೂಕಡಿಕೆ, ಮನೆಯವರ ಮೇಲೆಲ್ಲ ಸಿಡುಕು. ಆ ವಾರ ನನ್ನ ಹತ್ತಿರ ಮಾತಾಡಲೇಬೇಡಿ ಅಂತ ಹೆಂಡತಿ ಮಕ್ಕಳಿಗೆ ಹೇಳಿಟ್ಟಿರುತ್ತಾಳೆ. ಆದರೆ ರೇಸಿನ ಬೆಳಗ್ಗೆ ಮೊದಲ ಡೋಸ್ ಬಿದ್ದಾಗ ಇದೆಯಲ್ಲ, ಕಾಲಿಗೆ ರೆಕ್ಕೆ. ಕಷ್ಟಪಟ್ಟವರಿಗೇ ಗೊತ್ತು ಅದರ ರುಚಿ.

ಮೂರಾಟದ ಮನುಷ್ಯ: ನಿಮಗೆ ರೆಕ್ಕೆ, ನನಗೆ ವಾಂತಿ. ಇದೇ ಥರದ ಮಾತು ಕೇಳಿ ನಾನೂ ಒಮ್ಮೆ ಬಿಟ್ಟೆ. ಕೆಲಸದ ಗಡಿಬಿಡಿಯಲ್ಲಿ ಒಂದು ವಾರ ಆಗಲಿಲ್ಲ, ಟ್ರಯಾಥ್ಲಾನ್‌ಗೆ ಎರಡು ದಿನ ಇರುವಾಗ ನಿಲ್ಲಿಸಿದೆ. ತಲೆನೋವು ಸರಿಯಾಗಿ ರೇಸಿನ ಹಿಂದಿನ ರಾತ್ರಿಯೇ ತಾರಕಕ್ಕೇರಿತು. ನಿದ್ದೆ ಇಲ್ಲ. ಈಜು ಮುಗಿಸಿ ಬಂದಾಗ ಹೆಲ್ಮೆಟ್ ಪಟ್ಟಿ ಬಿಗಿದರೂ ತಲೆ ಸಿಡಿಯುತ್ತಿತ್ತು. ಸೈಕಲ್ ಮೇಲೆ ಬಾಯಿಗಿಟ್ಟ ಸಕ್ಕರೆ ಜೆಲ್ ಎಲ್ಲ ಹೊರಗೆ ಬಂತು. ಒಂದು ಸೀಸನ್ ತಯಾರಿ ಮಣ್ಣುಪಾಲು. ಅದಕ್ಕೆ ಕಾರಣ ಈ "ಕಣ್ಮುಚ್ಚಿ ಬಿಡಿ" ಅನ್ನೋ ಪಂಡಿತರು.

ಮುಂಜಾವಿನ ಓಟ: ಎರಡು ದಿನ ಬಿಡಿ ಅಂತ ನಾನೆಲ್ಲಿ ಹೇಳಿದೆ ಸ್ವಾಮಿ? ಒಂದು ವಾರ ಅಂದೆ. ಓದಿ ಬೈಯಿರಿ.

ಔಷಧಿ ಕೌಂಟರ್: ಇಬ್ಬರೂ ಸ್ವಲ್ಪ ನಿಲ್ಲಿ. ನಾನು ಔಷಧಿ ಅಂಗಡಿಯಲ್ಲಿ ಕೂರುವವಳು, ಓಡುವವಳೂ ಹೌದು. ನಿಲ್ಲಿಸಿದರೆ ತಲೆನೋವು 12ರಿಂದ 24 ಗಂಟೆಯೊಳಗೆ ಶುರುವಾಗುತ್ತದೆ, ಮೊದಲೆರಡು ದಿನ ಜಾಸ್ತಿ. ಕೆಲವರಿಗೆ ಒಂದು ವಾರ ದಾಟಿಯೂ ಇರುತ್ತದೆ. ಇಷ್ಟೆಲ್ಲ ಕಷ್ಟಕ್ಕೆ ಸಿಗುವುದೇನು? ದಿನಾ ಕಾಫಿ ಕುಡಿಯುವವರಿಗೂ ರೇಸಿನ ಡೋಸ್ ಕೆಲಸ ಮಾಡುತ್ತದೆ. ಆ "ರೆಕ್ಕೆ"ಯಲ್ಲಿ ಅರ್ಧ ತಲೆನೋವು ಹೋದ ಖುಷಿ.

ನನಗೆ ಹೇಳಬೇಕಾಗಿರುವುದು ಬೇರೆ. ಜನ ಎಡವುವುದು ಬಿಡುವುದರಲ್ಲಲ್ಲ, ಲೆಕ್ಕದಲ್ಲಿ. ನನ್ನ ಜೊತೆ ಓಡುವವಳೊಬ್ಬಳು, ಅವಳೂ 60 ಕೆ.ಜಿ. ಮನೆಯಿಂದ ಹೊರಡುವಾಗ ಅಭ್ಯಾಸದ ಕಾಫಿ, 100 ಮಿ.ಗ್ರಾಂ ಅಂದುಕೊಳ್ಳಿ. ಓಟಕ್ಕೆ ಒಂದು ಗಂಟೆ ಮುಂಚೆ 200ರ ಮಾತ್ರೆ. ದಾರಿಯಲ್ಲಿ ಐದು ಜೆಲ್, ಪ್ರತಿಯೊಂದರಲ್ಲೂ 50. ಅದನ್ನು ಅವಳು ನೋಡೇ ಇರಲಿಲ್ಲ, ಹಿಂದುಗಡೆ ಸಣ್ಣಕ್ಷರದಲ್ಲಿ ಬರೆದಿತ್ತು. ಒಟ್ಟು 550. ಕೆ.ಜಿ.ಗೆ 9 ಮಿ.ಗ್ರಾಂ ದಾಟಿತು. ಕೆ.ಜಿ.ಗೆ ಮೂರರಿಂದ ಆರು ಮಿ.ಗ್ರಾಂ ಒಳಗೆ ಸಿಗುವ ಲಾಭಕ್ಕಿಂತ ಅಲ್ಲಿ ಹೆಚ್ಚೇನೂ ಇಲ್ಲ, ತೊಂದರೆ ಮಾತ್ರ ಹೆಚ್ಚು.

ಮೊದಲ ಹತ್ತು ಕಿ.ಮೀ. ಅವಳಿಗೆ ಹಬ್ಬ. ಕೆಫೀನ್ ದಣಿವನ್ನು ಮರೆಸುತ್ತದೆ, ಹಾಗಾಗಿ ಗೊತ್ತಾಗದೇ ಜೋರಾಗಿ ಓಡಿಬಿಟ್ಟಳು. ಅದೇ ವೇಗಕ್ಕೆ ತರಬೇತಿಯಲ್ಲಿ ಇರುತ್ತಿದ್ದಕ್ಕಿಂತ ನಾಡಿ ಮೇಲಿತ್ತು. ಅದು ಮೊದಲ ಸುಳಿವು. ಆಮೇಲೆ ಬಾಟಲಿ ಮುಚ್ಚಳ ತೆಗೆಯುವಾಗ ಬೆರಳು ನಡುಗಿತು. ಮೂರನೇ ಜೆಲ್ ಆದಮೇಲೆ ಹೊಟ್ಟೆ ತಿರುಚಿ ಶೌಚಾಲಯದ ಸಾಲು. ಕೆಫೀನ್ ಅರ್ಧಕ್ಕೆ ಇಳಿಯಲು ಸುಮಾರು ಐದು ಗಂಟೆ ಬೇಕು. ಅಂದರೆ ಕೊನೆಯ ಜೆಲ್ ಒಳಗೆ ಹೋದಾಗ ಬೆಳಗಿನದ್ದು ಸುಮಾರು ಅರ್ಧ ಇನ್ನೂ ಮೈಯಲ್ಲೇ ಇತ್ತು. ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗೆ ಈ ಸಮಯ ಸುಮಾರು ದುಪ್ಪಟ್ಟಾಗುತ್ತದೆ. ಅವಳಿಗೆ ಮಾರನೇ ಬೆಳಗಿನವರೆಗೂ ನಿದ್ದೆ ಬರಲಿಲ್ಲ.

ಈಗ ಅವಳ ಲೆಕ್ಕ ಹೀಗಿದೆ. ಆ ಕಾಫಿಯೇ ಮೊದಲ ಡೋಸ್, ಓಟಕ್ಕೆ ಒಂದು ಗಂಟೆ ಮುಂಚೆ. ಮಾತ್ರೆ ಇಲ್ಲ. ಎರಡು ಗಂಟೆ ಹತ್ತಿರ ಒಂದು 50ರ ಜೆಲ್, ಮೂರು ಗಂಟೆ ದಾಟಿದ ಮೇಲೆ ಇನ್ನೊಂದು. ಉಳಿದ ಜೆಲ್‌ಗಳು ಕೆಫೀನ್ ಇಲ್ಲದವು, ಸಕ್ಕರೆ ಬೇಕಲ್ಲ. ಒಟ್ಟು 200. ಕೊನೆಯದನ್ನು 40ನೇ ಕಿ.ಮೀ.ಗೆ ಇಟ್ಟುಕೊಂಡರೆ ಅದು ಏರುವ ಮೊದಲೇ ನೀವು ಮುಗಿಸಿರುತ್ತೀರಿ. ಎದೆ ಬಡಿತದ ತೊಂದರೆ, ಬಿಪಿ ಮಾತ್ರೆ ಇದ್ದರೆ ಡಾಕ್ಟರನ್ನು ಕೇಳದೇ ಏನೂ ಮಾಡಬೇಡಿ.

ರಾತ್ರಿ ಪೆಡಲ್: 200ರಲ್ಲಿ ಏನಾಗತ್ತೆ ಮೇಡಂ? ಬ್ರೆವೆ ಅಂತ 600 ಕಿ.ಮೀ. ಸೈಕಲ್ ಸವಾರಿ ಇರತ್ತೆ, ಅದರಲ್ಲಿ ನಾನು ಹಗಲಿಡೀ ಒಂದು ತೊಟ್ಟೂ ಮುಟ್ಟುವುದಿಲ್ಲ. ಕತ್ತಲಾದ ಮೇಲೆ ಶುರು. ನಡುರಾತ್ರಿ ದಾಟಿ ಕಣ್ಣು ಎಳೆಯುವಾಗ 100, ಬೆಳಗಿನ ಜಾವ ಇನ್ನೊಂದು 100. ಮೊದಲೇ ಖರ್ಚು ಮಾಡಿಕೊಂಡವರನ್ನು ರಸ್ತೆ ಬದಿ ಕಲ್ಲಿನ ಮೇಲೆ ತೂಗಾಡುತ್ತಾ ಕೂತಿರುವುದನ್ನು ನೋಡಿದ್ದೇನೆ. ಹಾಗಾಗಿ ರಾತ್ರಿಗೆ ಉಳಿಸಿ.

ಮೂರಾಟದ ಮನುಷ್ಯ: ಅವರು ಬೆಳಗ್ಗೆ ನಾಲ್ಕೂವರೆ ಗಂಟೆ ಓಡುವವರು. ಯಾವ ರಾತ್ರಿ ಗುರುವೇ?

ರಾತ್ರಿ ಪೆಡಲ್: ಅನುಭವ ಕೇಳಿದರು, ಹೇಳಿದೆ. ನಿಮ್ಮ ವಾಂತಿ ಕತೆಗಿಂತ ಉಪಯೋಗ ಇದೆ.

ಟ್ರೇಲ್ ಅಕ್ಕ: ಮುಖ್ಯವಾದದ್ದು ಯಾರೂ ಹೇಳಲಿಲ್ಲ. ಹೊಟ್ಟೆಗೆ ಅಭ್ಯಾಸ ಆಗಬೇಕು. ನಾನು ತರಬೇತಿಯಲ್ಲಿ ಪ್ರತಿದಿನ ಕೆಫೀನ್ ಜೆಲ್ ತಗೊಂಡೆ, ಸಣ್ಣ ಓಟಕ್ಕೂ. ಈಗ ಏನು ಹಾಕಿದರೂ ಹೊಟ್ಟೆ ಕಲ್ಲು. ಮತ್ತೆ ನೀರು ಜಾಸ್ತಿ ಕುಡಿಯಿರಿ, ಕೆಫೀನ್ ಮೈಯಲ್ಲಿರುವ ನೀರನ್ನೆಲ್ಲ ಹೊರಗೆ ಹಾಕುತ್ತೆ.

ಔಷಧಿ ಕೌಂಟರ್: ಅಕ್ಕ, ಅಭ್ಯಾಸದ ಮಾತು ಅರ್ಧ ಸರಿ. ಹೊಟ್ಟೆ ಒಗ್ಗುತ್ತದೆ ನಿಜ. ಆದರೆ ವಾರಗಟ್ಟಲೆ ದಿನಾ ಹಾಕುತ್ತಾ ಹೋದರೆ ಲಾಭವೂ ಮಂಕಾಗುತ್ತದೆ. ದಿನದ ಎರಡು ಕಪ್ ಹಾಗೇ ಇರಲಿ, ಅದರ ಮೇಲೆ ಹೇರಬೇಡಿ. ಉದ್ದದ ಓಟ ಇರುವ ಕೆಲವು ವಾರಾಂತ್ಯ ಸಾಕು. ರೇಸಿನ ದಿನದ ತಿಂಡಿ, ಅದೇ ಹೊತ್ತಿನ ಕಾಫಿ, ಅದೇ ಜೆಲ್. ಮೊದಲ ಸಲ ಒಂದೇ ಕೆಫೀನ್ ಜೆಲ್, ನಾಡಿ, ಹೊಟ್ಟೆ, ಆ ರಾತ್ರಿಯ ನಿದ್ದೆ ಮೂರೂ ಸರಿ ಇದ್ದರೆ ಮಾತ್ರ ಎರಡನೆಯದು. ನೀರು ಹೊರಗೆ ಹಾಕುತ್ತೆ ಅನ್ನುವುದು ಹಳೇ ಮಾತು. ಓಡುವಾಗ ಇಷ್ಟು ಡೋಸಿಗೆ ಹಾಗಾಗುವುದಿಲ್ಲ. ಆ ಭಯಕ್ಕೆ ನೀರು ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ಅದೇ ಅಪಾಯ.

ಟ್ರೇಲ್ ಅಕ್ಕ: ನಾನು ಬೆಟ್ಟ ಹತ್ತಿ ಕಲಿತದ್ದು, ಕೌಂಟರಿನಲ್ಲಿ ಕೂತು ಅಲ್ಲ.

ಮುಂಜಾವಿನ ಓಟ: ಅಲ್ಲ ಸ್ವಾಮಿ, ಕೆಫೀನ್ ಡೋಪಿಂಗ್ ಅಲ್ವಾ? ಮೊದಲು ನಿಷೇಧ ಇತ್ತಲ್ಲ.

ಔಷಧಿ ಕೌಂಟರ್: 2004ರಲ್ಲೇ ವಿಶ್ವ ಡೋಪಿಂಗ್ ತಡೆ ಸಂಸ್ಥೆ ವಾಡಾ ನಿಷೇಧ ಪಟ್ಟಿಯಿಂದ ತೆಗೆಯಿತು. ಈಗ ಬರೀ ಕಣ್ಣಿಟ್ಟಿರುತ್ತಾರೆ.

ಮೂರಾಟದ ಮನುಷ್ಯ: ಪುಡಿ ತಂದು ಅಳೆದುಕೊಳ್ಳುವ ಮಹಾನುಭಾವರೂ ಇದ್ದಾರೆ. ಹಾಗೆ ಮಾಡಬೇಡಿ. ಒಂದು ಟೀ ಚಮಚದಲ್ಲಿ ಕೆಲವು ಗ್ರಾಂ ಇರುತ್ತದೆ, ಜೀವವೇ ಹೋಗಬಹುದು.

ಕೇಳಿದವರು: ಸರಿ, ಕಾಫಿ ಬಿಡುವುದಿಲ್ಲ. ಆದರೆ ನಮ್ಮ ಮನೆ ಕಾಫಿಯಲ್ಲಿ 100 ಇದೆ ಅಂತ ಹೇಗೆ ಹೇಳುವುದು? ಒಂದೊಂದು ದಿನ ಒಂದೊಂದು ಗಟ್ಟಿ.

ಔಷಧಿ ಕೌಂಟರ್: ಹೇಳಲಾಗುವುದಿಲ್ಲ. ಒಂದೇ ಪುಡಿಯಲ್ಲೂ ವ್ಯತ್ಯಾಸ ಬರುತ್ತದೆ. ಲೆಕ್ಕ ಖಚಿತವಾಗಿ ಬೇಕಾದರೆ ಆ ಬೆಳಗ್ಗೆ ಕಾಫಿ ಬದಲು 100ರ ಮಾತ್ರೆ. ಎರಡೂ ಬೇಡ.

ಮುಂಜಾವಿನ ಓಟ: ಕಾಫಿ ಇಲ್ಲದೇ ಬೆಳಗ್ಗೆ ಹೊಟ್ಟೆ ಖಾಲಿ ಆಗೋದು ಹೇಗೆ ಮೇಡಂ? ಅದನ್ನೂ ಮಾತ್ರೆ ಮಾಡತ್ತಾ?

ರಾತ್ರಿ ಪೆಡಲ್: ಒಂದು ವಾರ ಕಾಫಿ ಬಿಡುವವರು ಈ ಪ್ರಶ್ನೆ ಕೇಳ್ತಿದ್ದಾರೆ, ನೋಡಿ.