ಹಳದಿ-ಹಸಿರು ಚೌಕ ಕಂಡರೆ ಇಂಗ್ಲೆಂಡಾ? ಫೋಟೋ ಪರಿಶೀಲಿಸುವವರಿಗೆ ಒಂದು ಪ್ರಶ್ನೆ

ಚೇತನ್ (ಪ್ರಶ್ನೆ): ರಸ್ತೆ ಫೋಟೋ ನೋಡಿ ದೇಶ ಹೇಳುವ ಆಟ ನಮ್ಮ ಮನೇಲಿ ದಿನಾ ರಾತ್ರಿ ನಡೆಯುತ್ತೆ. ನಿನ್ನೆ ಒಂದು ಫೋಟೋ ಬಂತು, ಮುಸ್ಸಂಜೆ, ಮಳೆ, ಬೀದಿ ದೀಪ ಹತ್ತಿದೆ. ಎಡಗಡೆ ಓಡಾಡುವ ರಸ್ತೆ. ಮುಂದೆ ಒಂದು ಆಂಬುಲೆನ್ಸ್, ಪಕ್ಕದಲ್ಲಿ ಹಳದಿ-ಹಸಿರು ದೊಡ್ಡ ಚೌಕಗಳು. ನಾನು ಇಂಗ್ಲೆಂಡ್ ಅಂದೆ, ತಂಗಿ ಐರ್ಲೆಂಡ್ ಅಂತಾಳೆ. ಅಕ್ಷರ ಒಂದೂ ಓದಕ್ಕೆ ಆಗ್ತಿಲ್ಲ. ಬರೀ ಬಣ್ಣ ನೋಡಿ ಹೇಳಕ್ಕಾಗುತ್ತಾ?

ಪ್ರಕಾಶ್: ಇದರಲ್ಲಿ ಕೇಳೋದೇನಿದೆ ಗುರು? ಚೌಕ ಚೌಕ ಇದ್ದರೆ ಬ್ರಿಟನ್. ನಾನು ಎರಡು ವರ್ಷ ಲೆಸ್ಟರ್‌ನಲ್ಲಿದ್ದೆ. ಪೊಲೀಸಿಗೆ ನೀಲಿ-ಹಳದಿ, ಆಂಬುಲೆನ್ಸ್‌ಗೆ ಹಸಿರು-ಹಳದಿ, ಫೈರ್ ಎಂಜಿನ್‌ಗೆ ಕೆಂಪು-ಹಳದಿ. ಮುಗೀತು.

ಸುಮಾ (9 ವರ್ಷದಿಂದ ಸುದ್ದಿಮನೆಯಲ್ಲಿ ಫೋಟೋ ಪರಿಶೀಲನೆ): ಪ್ರಕಾಶ್ ಅವರು ಹೇಳಿದ ಬಣ್ಣದ ಲೆಕ್ಕ ಸರಿ ಇದೆ, ಆದರೆ ಅದು ಬ್ರಿಟನ್ನಿನಲ್ಲೇ ಉಳಿದಿಲ್ಲ. ಈ ವಿನ್ಯಾಸಕ್ಕೆ ಬ್ಯಾಟನ್‌ಬರ್ಗ್ ಅಂತಾರೆ, ಅಲ್ಲಿನ ಒಂದು ಕೇಕಿನ ಹೆಸರು. ಆ ಕೇಕ್ ಕತ್ತರಿಸಿದರೆ ಒಳಗೆ ಗುಲಾಬಿ-ಹಳದಿ ಚೌಕ ಕಾಣುತ್ತೆ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಪೊಲೀಸ್ ಕಾರುಗಳು ದೂರದಿಂದಲೇ ಕಾಣಲಿ ಅಂತ ಮಾಡಿದ್ದು, ಆಮೇಲೆ ಐರ್ಲೆಂಡ್, ನ್ಯೂಜಿಲೆಂಡ್, ಸ್ವೀಡನ್ನಿಗೂ ಹೋಯಿತು. ಸ್ವೀಡನ್ನಿನಲ್ಲಿ ಬಲಗಡೆ ಓಡಿಸುತ್ತಾರೆ, ಹಾಗಾಗಿ ಚೇತನ್ ಫೋಟೋಗೆ ಅದು ಬೇಡ. ಆದರೆ ನ್ಯೂಜಿಲೆಂಡನ್ನು ಅಣ್ಣ-ತಂಗಿ ಇಬ್ಬರೂ ಮರೆತಿದ್ದೀರಿ.

ಇನ್ನೊಂದು, ಚೌಕ ಅಂದರೆಲ್ಲ ಒಂದೇ ಚೌಕ ಅಲ್ಲ. ಆಸ್ಟ್ರೇಲಿಯಾದ ಪೊಲೀಸ್ ಕಾರಿನ ಮೇಲೆ ಚಿಕ್ಕ ಚಿಕ್ಕ ನೀಲಿ-ಬಿಳಿ ಚೌಕಗಳ ಪಟ್ಟಿ ಓಡುತ್ತೆ, ಚದುರಂಗದ ಮಣೆಯಿಂದ ಒಂದು ತುಂಡು ಕತ್ತರಿಸಿ ಅಂಟಿಸಿದ ಹಾಗೆ. ಅದು 1930ರ ದಶಕದಲ್ಲಿ ಗ್ಲಾಸ್ಗೋ ಪೊಲೀಸರ ಟೋಪಿ ಮೇಲೆ ಬಂದದ್ದು. ಅಲ್ಲಿನ ಮುಖ್ಯಸ್ಥ ಪರ್ಸಿ ಸಿಲಿಟೋ ಹೆಸರು ಅದಕ್ಕೆ. ಬ್ಯಾಟನ್‌ಬರ್ಗ್‌ನಲ್ಲಿ ಒಂದೊಂದು ತುಂಡೂ ಬಾಗಿಲಿನ ಅರ್ಧ ಅಗಲ ಇರುತ್ತೆ, ಸಾಮಾನ್ಯವಾಗಿ ಎರಡೇ ಸಾಲು, ಕೆಲವು ಸಲ ಒಂದೇ. ಮಸುಕಾದ ಫೋಟೋದಲ್ಲೂ ಈ ವ್ಯತ್ಯಾಸ ಉಳಿಯುತ್ತೆ, ಅದಕ್ಕೇ ನಾನು ಮೊದಲು ಗಾತ್ರ ನೋಡ್ತೀನಿ, ಬಣ್ಣ ಆಮೇಲೆ.

ಈಗ ಹೇಳಿ ಚೇತನ್, ಹಿಂದಿನ ನಂಬರ್ ಪ್ಲೇಟ್ ಯಾವ ಬಣ್ಣ?

ಚೇತನ್: ಬಿಳಿ ಇದ್ದ ಹಾಗಿದೆ ಮೇಡಂ. ನಂಬರ್ ಮಸುಕು ಮಾಡಿದ್ದಾರೆ. ದೂರದಲ್ಲಿ ಒಂದು ಹಳದಿ ಬೋರ್ಡ್ ಇದೆ, ಡೈಮಂಡ್ ಆಕಾರ.

ಸುಮಾ: ಹಾಗಾದರೆ ಇಂಗ್ಲೆಂಡ್ ಬಹುತೇಕ ಹೋಯಿತು. ಬ್ರಿಟನ್ನಿನಲ್ಲಿ ಮುಂದೆ ಬಿಳಿ ಪ್ಲೇಟ್, ಹಿಂದೆ ಹಳದಿ. ಎಚ್ಚರಿಕೆ ಬೋರ್ಡ್ ಕೂಡ ಅಲ್ಲಿ ಕೆಂಪು ಅಂಚಿನ ತ್ರಿಕೋನ. ಆದರೆ ತಂಗಿ ಗೆದ್ದರು ಅಂತ ಈಗಲೇ ಹೇಳಲ್ಲ. ಹಿಂದೆ ಬಿಳಿ ಪ್ಲೇಟ್, ಹಳದಿ ಡೈಮಂಡ್ ಬೋರ್ಡ್, ಎಡಗಡೆ ಓಡಾಟ, ಈ ಮೂರೂ ಐರ್ಲೆಂಡಿಗೂ ಹೊಂದುತ್ತೆ, ನ್ಯೂಜಿಲೆಂಡಿಗೂ ಹೊಂದುತ್ತೆ. ಎಲ್ಲರೂ ಜಾರೋದು ಇಲ್ಲೇ.

ಇಲ್ಲಿಂದ ಮುಂದೆ ಎರಡು ವಿಷಯ ನೋಡಿ. ಪ್ಲೇಟಿನ ಆಕಾರ: ಐರ್ಲೆಂಡಿನದು ಯುರೋಪಿನ ಉದ್ದದ ಪಟ್ಟಿ, ಅರ್ಧ ಮೀಟರಿಗಿಂತ ಸ್ವಲ್ಪ ಜಾಸ್ತಿ. ನ್ಯೂಜಿಲೆಂಡಿನದು ಕುಳ್ಳಗೆ, 36 ಸೆಂಟಿಮೀಟರ್. ನಂಬರ್ ಮಸುಕಾದರೂ ಮಸುಕಿನ ಆಕಾರ ಸಾಕು. ಎರಡನೆಯದು ರಸ್ತೆ ಅಂಚಿನ ಗೆರೆ. ಐರ್ಲೆಂಡಿನ ಎಷ್ಟೋ ರಸ್ತೆಗಳಲ್ಲಿ ಅಂಚಿಗೆ ತುಂಡು ತುಂಡಾದ ಹಳದಿ ಗೆರೆ ಇರುತ್ತೆ. ನ್ಯೂಜಿಲೆಂಡಿನಲ್ಲಿ ಅಂಚಿನ ಗೆರೆ ಬಿಳಿ, ಆದರೆ ಗಾಡಿ ನಿಲ್ಲಿಸಬಾರದ ಕಡೆ ಅಲ್ಲೂ ಅಂಚಿಗೆ ತುಂಡು ತುಂಡಾದ ಹಳದಿ ಗೆರೆ ಹಾಕ್ತಾರೆ, ಹಾಗಾಗಿ ಇದೊಂದನ್ನೇ ನಂಬಬೇಡಿ.

ಮಂಜುನಾಥ್: ಮೇಡಂ, ಆಂಬುಲೆನ್ಸ್ ಮಾತು ಬಂತಲ್ಲ, ಅದಕ್ಕೆ ಕೇಳ್ತಿದ್ದೀನಿ. ನಮ್ಮೂರ ದೇವಸ್ಥಾನದ ಟ್ರಸ್ಟಿನಿಂದ ಒಂದು ಆಂಬುಲೆನ್ಸ್ ತಗೊಂಡೆವು. ಪೇಂಟರ್ ಮುಂದೆ ಅಕ್ಷರ ಉಲ್ಟಾ ಬರೆದ, ಸರಿ. ಹಿಂದಿನ ಬಾಗಿಲ ಮೇಲೂ ಉಲ್ಟಾನೇ ಬರೆದುಬಿಟ್ಟ! ಕೇಳಿದರೆ, ಎಲ್ಲಾ ದೇಶದಲ್ಲೂ ಹೀಗೇ ಸರ್ ಅಂತಾನೆ. ನಿಜಾನಾ?

ಸುಮಾ: ಮುಂದೆ ಹೋಗೋ ಗಾಡಿಯವರು ಕನ್ನಡಿಯಲ್ಲಿ ಓದಲಿ ಅಂತ ಬಾನೆಟ್ ಮೇಲೆ ಉಲ್ಟಾ ಬರೆಯೋದು. ಹಿಂದಿರುವವರು ಕನ್ನಡಿಯಲ್ಲಿ ನೋಡಲ್ವಲ್ಲ ಮಂಜುನಾಥ್ ಅವರೇ, ಹಿಂದಿನದನ್ನ ಅಳಿಸಿ ನೇರ ಬರೆಸಿ. ಮುಂದಿನ ಉಲ್ಟಾ ಅಕ್ಷರ ಎಷ್ಟೋ ದೇಶಗಳಲ್ಲಿ ಇದೆ, ಹಾಗಾಗಿ ದೇಶ ಹುಡುಕಕ್ಕೆ ಉಪಯೋಗ ಇಲ್ಲ.

ಪ್ರಕಾಶ್: ಸರಿ ಮೇಡಂ, ಒಪ್ಪಿದೆ. ಆದರೆ ಹಿಂಬದಿಯಲ್ಲಿ ಓರೆಯಾಗಿ ಕೆಂಪು-ಹಳದಿ ಪಟ್ಟೆ ಇರುತ್ತಲ್ಲ, ಮನೆ ಸೂರಿನ ಥರ, ಅದಂತೂ ಬ್ರಿಟಿಷರದ್ದೇ ಅಲ್ವಾ?

ಸುಮಾ: ಅಲ್ಲ. ಅಮೆರಿಕದ ಫೈರ್ ಎಂಜಿನ್‌ಗಳ ಹಿಂದೆಯೂ ಅದೇ ಕೆಂಪು-ಹಳದಿ ಪಟ್ಟೆ ಇದೆ. 2009ರ ಅವರ ಮಾನದಂಡದಲ್ಲಿ ಹೊಸ ಗಾಡಿಯ ಹಿಂಬದಿಯ ಅರ್ಧಭಾಗವಾದರೂ ಇದರಿಂದ ಮುಚ್ಚಬೇಕು ಅಂತ ಬಂತು. ಫೈರ್ ಎಂಜಿನ್ ವಿಷಯದಲ್ಲಿ ನಾನು ಬಣ್ಣ ಬಿಟ್ಟು ಪಂಪ್ ಎಲ್ಲಿದೆ ಅಂತ ಹುಡುಕ್ತೀನಿ. ಗಾಡಿಯ ಪಕ್ಕದಲ್ಲಿ, ಡ್ರೈವರ್ ಕ್ಯಾಬಿನ್ ಹಿಂದೆಯೇ, ಗಡಿಯಾರದ ಥರ ಮೀಟರ್‌ಗಳು, ಹಿಡಿಕೆಗಳು, ದಪ್ಪ ಪೈಪಿನ ಬಾಯಿಗಳು ಕಂಡರೆ ಅದು ಹೆಚ್ಚಾಗಿ ಅಮೆರಿಕ ಇಲ್ಲವೇ ಕೆನಡಾ. ಮುಂದೆ ಚಾಚಿಕೊಂಡ ಹೊಳೆಯೋ ಬಂಪರ್ ಇದ್ದರೆ ಇನ್ನೂ ಖಾತ್ರಿ. ಯುರೋಪಿನ ಗಾಡಿಗಳಲ್ಲಿ ಪಂಪ್ ಸಾಮಾನ್ಯವಾಗಿ ಹಿಂದೆ ಇರುತ್ತೆ, ಪಕ್ಕದಲ್ಲಿ ಬರೀ ಅಂಗಡಿ ಶಟರ್ ಥರ ಬಾಗಿಲುಗಳು. ಅಮೆರಿಕವೋ ಕೆನಡಾವೋ ಅನ್ನೋದು ಮಾತ್ರ ಗಾಡಿಯಿಂದ ಗೊತ್ತಾಗಲ್ಲ.

ನಾನೂ ಒಂದು ಸಲ ಎಡವಿದ್ದೀನಿ. ಬ್ರಿಟಿಷ್ ಚೌಕಗಳಿದ್ದ ಫೈರ್ ಎಂಜಿನ್ ನೋಡಿ ಬ್ರಿಟನ್ ಅಂತ ಬರೆದುಕೊಟ್ಟೆ. ಸ್ಟೇರಿಂಗ್ ಬಲಗಡೆ ಇತ್ತು, ಆದರೆ ಸುತ್ತಲಿನ ಕಾರೆಲ್ಲ ರಸ್ತೆಯ ಬಲಗಡೆಯೇ ಹೋಗ್ತಿದ್ದವು. ಅದನ್ನ ನೋಡೇ ಇರಲಿಲ್ಲ. ಹಳೇ ಗಾಡಿಗಳನ್ನ ಬೇರೆ ದೇಶಕ್ಕೆ ದಾನ ಕೊಡ್ತಾರೆ. 2022ರಲ್ಲಿ ಬ್ರಿಟನ್ನಿನಿಂದ ಉಕ್ರೇನಿಗೆ ಹೀಗೆ ಸಾಲು ಸಾಲು ಫೈರ್ ಎಂಜಿನ್ ಹೋದವು, ಮೇಲಿನ ಚೌಕ ಹಾಗೇ ಇಟ್ಟುಕೊಂಡು.

ಅಶ್ವಿನಿ (ಕಾರ್ಕ್, ಐರ್ಲೆಂಡ್): ನಾನು ಇಲ್ಲಿ ನರ್ಸ್. ಸುಮಾ ಅವರು ಹೇಳಿದ ಹಳದಿ ಅಂಚಿನ ಗೆರೆ ನಿಜ, ಡ್ಯೂಟಿಗೆ ಹೋಗುವಾಗ ದಿನಾ ನೋಡ್ತೀನಿ. ಆದರೆ ಎಲ್ಲಾ ರಸ್ತೆಯಲ್ಲೂ ಇರಲ್ಲ, ಸಣ್ಣ ಹಳ್ಳಿ ರಸ್ತೆಗೆ ಗೆರೆಯೇ ಇಲ್ಲ. ಪೊಲೀಸ್ ಕಾರ್ ಸಿಕ್ಕರೆ ಸುಲಭ, GARDA ಅಂತ ದಪ್ಪಗೆ ಬರೆದಿರುತ್ತೆ. ಆಮೇಲೆ ಡಬ್ಲಿನ್‌ನಲ್ಲಿ ಫೈರ್ ಬ್ರಿಗೇಡಿನವರೇ ಆಂಬುಲೆನ್ಸೂ ಓಡಿಸ್ತಾರೆ, ಹಾಗಾಗಿ ಹಸಿರು ಕಾಣದಿದ್ದರೆ ಐರ್ಲೆಂಡ್ ಅಲ್ಲ ಅಂತ ತಳ್ಳಿಹಾಕಬೇಡಿ.

ಸುಮಾ: ಥ್ಯಾಂಕ್ಸ್ ಅಶ್ವಿನಿ. ಪ್ರಕಾಶ್ ಅವರಿಗೂ ಇಂಥದ್ದೇ ಒಂದು: ವೇಲ್ಸ್‌ನಲ್ಲಿ ಪೊಲೀಸ್ ಕಾರಿನ ಮೇಲೆ HEDDLU, ಆಂಬುಲೆನ್ಸ್ ಮೇಲೆ AMBIWLANS ಅಂತಲೂ ಇರುತ್ತೆ. ಚೌಕ ನೋಡಿ ಬ್ರಿಟನ್ ಅಂದವರು ಅಕ್ಷರ ನೋಡಿದರೆ ಇನ್ನೂ ಹತ್ತಿರ ಹೋಗಬಹುದು.

ಚೇತನ್: ಮೇಡಂ, ಝೂಮ್ ಮಾಡಿದೆ. ಪ್ಲೇಟ್ ಮೇಲೆ ಮಸುಕು ಎಷ್ಟು ಹರಡಿದೆ ಅಂದರೆ ಉದ್ದವೋ ಕುಳ್ಳೋ ಗೊತ್ತಾಗ್ತಿಲ್ಲ. ಅಂಚಲ್ಲಿ ತುಂಡು ಗೆರೆ ಇದೆ, ಹಳದಿ ಥರ ಕಾಣುತ್ತೆ. ತಂಗಿ ಕುಣೀತಿದ್ದಾಳೆ. ಆದರೆ ಬೀದಿ ದೀಪದ ಬೆಳಕೇ ಹಳದಿ, ಎಲ್ಲವೂ ಹಳದಿ ಕಾಣುತ್ತೆ.

ಸುಮಾ: ಅದೇ ಫೋಟೋದ ರಸ್ತೆ ಮಧ್ಯದ ತುಂಡು ಗೆರೆ ನೋಡಿ. ಅದು ಎರಡೂ ದೇಶದಲ್ಲಿ ಬಿಳಿ. ಅಂಚಿನ ಗೆರೆ, ಮಧ್ಯದ ಗೆರೆ ಎರಡೂ ಒಂದೇ ಬಣ್ಣ ಕಂಡರೆ ದೀಪದ ಆಟ. ಅಂಚಿನದು ಮಾತ್ರ ಜಾಸ್ತಿ ಹಳದಿ ಇದ್ದರೆ ಗೆರೆ ನಿಜಕ್ಕೂ ಹಳದಿ, ನಿಮ್ಮ ತಂಗಿ ಗೆಲುವಿಗೆ ಹತ್ತಿರ. ಆದರೆ ನ್ಯೂಜಿಲೆಂಡಿನ ಗಾಡಿ ನಿಲ್ಲಿಸಬಾರದ ಗೆರೆಯೂ ಆಗಿರಬಹುದು.

ಚೇತನ್: ಅಂಚಿನದು ಚೂರು ಜಾಸ್ತಿ ಹಳದಿ ಅನ್ನಿಸುತ್ತೆ... ಆದರೆ ಅದು ದೀಪದ ಕಂಬದ ಬುಡದಲ್ಲೇ ಇದೆ. ನಾನಂತೂ ಇನ್ನೂ ಸೋತಿಲ್ಲ.

ಮಂಜುನಾಥ್: ಪೇಂಟರ್‌ಗೆ ಫೋನ್ ಮಾಡಿದೆ. ಅಳಿಸಕ್ಕೆ ಬೇರೆ ದುಡ್ಡಂತೆ.